ಒಂದರಿಂದ n ತನಕ ಕೂಡೋದು: ಜೋಡಿ ಕಟ್ಟಿ, ಚುಕ್ಕಿ ಇಟ್ಟು ನೋಡೋಣ

1ರಿಂದ 100ರ ತನಕ ಎಲ್ಲಾ ಸಂಖ್ಯೆ ಕೂಡಿದ್ರೆ 5050 ಅಂತ ಬಹಳ ಜನಕ್ಕೆ ಬಾಯಿಪಾಠ, ಅದರ ಜೊತೆ ಬರೋ ಕಥೆನೂ ಅಷ್ಟೇ ಬಾಯಿಪಾಠ, ಮೇಷ್ಟ್ರು ಮಕ್ಕಳನ್ನ ಸುಮ್ಮನೆ ಕೂರಿಸೋಕೆ ಅಂತ ಉದ್ದದ ಲೆಕ್ಕ ಕೊಟ್ರಂತೆ, ಮುಂದೆ ದೊಡ್ಡ ಗಣಿತಜ್ಞ ಆದ ಪುಟ್ಟ ಗೌಸ್ ತಕ್ಷಣ ಉತ್ತರ ಬರೆದು ಸ್ಲೇಟು ಮೇಜಿನ ಮೇಲೆ ಇಟ್ಟನಂತೆ. ಕಥೆ ಪೂರ್ತಿ ಕಟ್ಟುಕಥೆ ಅಲ್ಲ. ಗೌಸ್ ತೀರಿಕೊಂಡ ಮರುವರ್ಷ, 1856ರಲ್ಲಿ, ಅವರ ಸ್ನೇಹಿತ ಸಾರ್ಟೋರಿಯಸ್ ಬರೆದ ಜೀವನಚರಿತ್ರೆಲಿ ಶಾಲೆ, ಬ್ಯೂಟ್ನರ್ ಮೇಷ್ಟ್ರು, ಸ್ಲೇಟು ಎಲ್ಲಾ ಇದೆ, ಆದ್ರೆ 1ರಿಂದ 100 ಅನ್ನೋ ಮಾತೇ ಇಲ್ಲ, ಹುಡುಗ ಹೆಂಗೆ ಮಾಡಿದ ಅನ್ನೋದೂ ಇಲ್ಲ, ಯಾವುದೋ ಒಂದು ಸಮಾಂತರ ಶ್ರೇಢಿಯ ಮೊತ್ತ ಅಂತ ಅಷ್ಟೇ. ನೂರು, ಐವತ್ತು ಜೋಡಿ, ನೂರಾ ಒಂದು ಇದೆಲ್ಲಾ ಆಮೇಲೆ ಹೇಳಿದವರು ಸೇರಿಸಿಕೊಂಡು ಬಂದಿದ್ದು.

ಉಪಾಯ ಅಂತೂ ಗೌಸ್‌ಗಿಂತ ಬಹಳ ಹಳೇದು. ಆರ್ಯಭಟ 499ರ ಸುಮಾರಿಗೆ ಬರೆದ ಆರ್ಯಭಟೀಯದ ಗಣಿತಪಾದದಲ್ಲಿ ಶ್ರೇಢಿ ಮೊತ್ತಕ್ಕೆ ಒಂದೇ ಶ್ಲೋಕದಲ್ಲಿ ಎರಡು ದಾರಿ ಕೊಟ್ಟಿದ್ದಾರೆ. ಒಂದು, ಮಧ್ಯದ ಬೆಲೆ ಕಂಡುಹಿಡಿದು ಅದನ್ನ ಪದಗಳ ಸಂಖ್ಯೆಯಿಂದ ಗುಣಿಸಿ. ಇಲ್ಲಾಂದ್ರೆ ಮೊದಲನೇದು ಮತ್ತು ಕೊನೇದನ್ನ ಕೂಡಿ ಪದಗಳ ಅರ್ಧದಿಂದ ಗುಣಿಸಿ. ಈ ಎರಡನೇದೇ ನಾವು ಹೇಳೋ ಜೋಡಿ ಲೆಕ್ಕ. ಎರಡೂ ಒಂದೇ ಮಾತು ಅನ್ನೋದು ಸ್ವಲ್ಪ ಹೊತ್ತಲ್ಲೇ ಕಾಣುತ್ತೆ.

ನನಗೆ 100 ಅನ್ನೋ ಉದಾಹರಣೆ ಬಗ್ಗೆ ಸ್ವಲ್ಪ ತಕರಾರಿದೆ, ಯಾಕಂದ್ರೆ ಅದು ಸಮ ಸಂಖ್ಯೆ, ಜೋಡಿ ಸಲೀಸಾಗಿ ಬಿದ್ದುಬಿಡುತ್ತೆ, ಎಲ್ಲಿ ತೊಡಕು ಬರಬೇಕೋ ಅಲ್ಲಿ ಬರೋದೇ ಇಲ್ಲ. ಮೊದಲು 10 ತಗೊಳ್ಳಿ. 1ಕ್ಕೆ 10 ಜೋಡಿ, 2ಕ್ಕೆ 9, 3ಕ್ಕೆ 8, 4ಕ್ಕೆ 7, 5ಕ್ಕೆ 6. ಐದು ಜೋಡಿ, ಪ್ರತಿಯೊಂದೂ 11, ಒಟ್ಟು 55. ಎಲ್ಲಾ ಜೋಡಿನೂ 11 ಯಾಕೆ ಆಯ್ತು ಅಂದ್ರೆ, ಎಡಗಡೆಯಿಂದ ಒಂದು ಹೆಜ್ಜೆ ಒಳಗೆ ಬಂದ್ರೆ ಸಂಖ್ಯೆ ಒಂದು ಏರುತ್ತೆ, ಬಲಗಡೆಯಿಂದ ಒಂದು ಹೆಜ್ಜೆ ಒಳಗೆ ಬಂದ್ರೆ ಒಂದು ಇಳಿಯುತ್ತೆ, ಏರಿದ್ದೂ ಇಳಿದಿದ್ದೂ ಸರಿಹೋಗಿ ಮೊತ್ತ ಅಲ್ಲಾಡಲ್ಲ. ಇಡೀ ಉಪಾಯ ನಿಂತಿರೋದು ಇದೊಂದರ ಮೇಲೆ. ಹೆಜ್ಜೆ ಸಮ ಇಲ್ಲದ ಕಡೆ ಇದು ಕೈಕೊಡುತ್ತೆ: 1, 4, 9, 16 ಅಂತ ವರ್ಗಸಂಖ್ಯೆಗಳನ್ನ ಜೋಡಿ ಮಾಡಿ ನೋಡಿ, ತುದಿಗಳು 1+16=17, ಒಳಗಿನವು 4+9=13. ಮೊದಲನೇ ಎರಡು ಜೋಡಿ ಕೂಡಿ ನೋಡಿದ್ರೆ ಸಾಕು, ಈ ದಾರಿ ನಡೆಯುತ್ತೋ ಇಲ್ವೋ ಗೊತ್ತಾಗಿಬಿಡುತ್ತೆ.

ಈಗ 9 ತಗೊಳ್ಳಿ. 1+9, 2+8, 3+7, 4+6, ಹತ್ತತ್ತರ ನಾಲ್ಕು ಜೋಡಿ, ನಡುವೆ 5 ಒಂಟಿಯಾಗಿ ಉಳಿದುಬಿಡ್ತು. 40ಕ್ಕೆ 5 ಸೇರಿಸಿ 45 ಅಂತ ಉತ್ತರ ಬರುತ್ತೆ ನಿಜ, ಆದ್ರೆ ಸಮ ಸಂಖ್ಯೆಗೆ ಒಂದು ನಿಯಮ, ಬೆಸ ಸಂಖ್ಯೆಗೆ ಇನ್ನೊಂದು ನಿಯಮ ಇಟ್ಕೊಂಡು ಯಾಕೆ ಒದ್ದಾಡಬೇಕು. ಅದಕ್ಕೆ ಜೋಡಿನ ಒಂದೇ ಸಾಲಿನ ಒಳಗೆ ಹುಡುಕೋದು ಬಿಟ್ಟು, ಅದೇ ಸಾಲನ್ನ ಉಲ್ಟಾ ಮಾಡಿ ಕೆಳಗೆ ಇನ್ನೊಂದು ಸಲ ಬರೆದುಬಿಡೋದು.

```
1  2  3  4  5  6  7  8  9
9  8  7  6  5  4  3  2  1
```

ಮೇಲಿಂದ ಕೆಳಗೆ ಯಾವ ಕಂಬ ಕೂಡಿದ್ರೂ 10. ಕಂಬ 9 ಇವೆ, ಒಟ್ಟು 90, ಆದ್ರೆ ನಾವು ಅದೇ ಸಂಖ್ಯೆಗಳನ್ನ ಎರಡು ಸಲ ಬರೆದಿದ್ದೀವಿ, ಹಂಗಾಗಿ ಅರ್ಧ ಮಾಡಿದ್ರೆ 45. ಒಂಟಿಯಾಗಿದ್ದ 5ಕ್ಕೆ ಕೆಳಗಿನ ಸಾಲಿನ 5 ಜೋಡಿ ಸಿಕ್ತು. ಇಲ್ಲಿ 9 ಸಮನೋ ಬೆಸನೋ ಅನ್ನೋ ಪ್ರಶ್ನೆನೇ ಏಳಲ್ಲ, ಯಾವ n ಇದ್ರೂ n ಕಂಬ, ಪ್ರತಿ ಕಂಬ n+1, ಎರಡರ ಗುಣಲಬ್ಧದಲ್ಲಿ ಅರ್ಧ, ಅಂದ್ರೆ n(n+1)/2. ಅರ್ಧ ಮಾಡಿದಾಗ ಭಿನ್ನರಾಶಿ ಬಂದುಬಿಟ್ರೆ ಏನ್ ಕಥೆ ಅಂತ ಯಾರಾದ್ರೂ ಕೇಳಿದ್ರೆ, n ಮತ್ತು n+1 ಅಕ್ಕಪಕ್ಕದ ಸಂಖ್ಯೆಗಳು, ಎರಡರಲ್ಲಿ ಒಂದು ಸಮ ಆಗಿರಲೇಬೇಕು, ಹಂಗಾಗಿ ಅದು ಬರೋದೇ ಇಲ್ಲ.

ಒಂಟಿ 5ನ್ನ ಇನ್ನೊಂದು ಥರ ನೋಡಿದ್ರೆ ಆರ್ಯಭಟರ ಮೊದಲನೇ ದಾರಿ ಸಿಗುತ್ತೆ. 9 ಸಂಖ್ಯೆಗಳ ಸರಿ ಮಧ್ಯ 5. 4 ಮತ್ತು 6ರಲ್ಲಿ ದೊಡ್ಡದು ಚಿಕ್ಕದಕ್ಕೆ ಒಂದು ಕೊಟ್ರೆ ಎರಡೂ 5, 3 ಮತ್ತು 7ರಲ್ಲಿ ಎರಡು ಕೊಟ್ರೆ ಎರಡೂ 5, ಹಿಂಗೆ ಎಲ್ಲರನ್ನೂ ಸಮ ಮಾಡ್ಕೊಂಡು ಹೋದ್ರೆ ಒಂಬತ್ತು ಐದುಗಳು, 45. ಹತ್ತು ಸಂಖ್ಯೆ ಇದ್ದಾಗ ಮಧ್ಯ 5.5, ಸಾಲಲ್ಲಿ ಅಂಥ ಸಂಖ್ಯೆ ಇಲ್ಲದಿದ್ರೂ ಲೆಕ್ಕಕ್ಕೆ ಏನೂ ತೊಂದರೆ ಇಲ್ಲ, 10 ಸಲ 5.5 ಅಂದ್ರೆ 55. ತುದಿಗಳನ್ನ ಕೂಡಿ ಅರ್ಧ ಮಾಡಿದ್ರೂ ಇದೇ ಮಧ್ಯ ಬರುತ್ತೆ, ಅದಕ್ಕೇ ಎರಡು ದಾರಿನೂ ಒಂದೇ ಅಂದಿದ್ದು.

ಇಷ್ಟನ್ನ ಚುಕ್ಕಿಲಿ ಇಟ್ರೆ ಸೂತ್ರ ಕಣ್ಣಿಗೇ ಕಾಣುತ್ತೆ. 1+2+3+4 ಅನ್ನೋದನ್ನ ತುಂಬಿದ ಚುಕ್ಕಿಲಿ ಮೆಟ್ಟಿಲಿನ ಆಕಾರಕ್ಕೆ ಇಡಿ, ಉಲ್ಟಾ ಮಾಡಿದ ಇನ್ನೊಂದು ಮೆಟ್ಟಿಲನ್ನ ಖಾಲಿ ಚುಕ್ಕಿಲಿ ಪಕ್ಕಕ್ಕೆ ಜೋಡಿಸಿ.

```
● ○ ○ ○ ○
● ● ○ ○ ○
● ● ● ○ ○
● ● ● ● ○
```

ನಾಲ್ಕು ಸಾಲು, ಸಾಲಿಗೆ ಐದು, ಪೂರ್ತಿ ಆಯತ, 20 ಚುಕ್ಕಿ. ತುಂಬಿದ ಚುಕ್ಕಿ ಅದರಲ್ಲಿ ಅರ್ಧ, 10. ಹಿಂದೆ ಬರೆದ ಎರಡು ಸಾಲಿನ ಲೆಕ್ಕ ಏನಿತ್ತೋ ಅದೇ ಇದು, ಅಲ್ಲಿ ಕಂಬ ಆಗಿದ್ದು ಇಲ್ಲಿ ಅಡ್ಡಸಾಲು ಆಗಿದೆ, ಪ್ರತಿ ಸಾಲಲ್ಲೂ ತುಂಬಿದ್ದು ಒಂದು ಏರಿದ್ರೆ ಖಾಲಿ ಒಂದು ಇಳಿಯುತ್ತೆ. ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಶ್ರೇಢೀಕ್ಷೇತ್ರ ಅಂತ ಇದೇ ಥರ ಮೆಟ್ಟಿಲು ಆಕಾರದ ಕ್ಷೇತ್ರಗಳನ್ನ ಸೇರಿಸಿ ಆಯತ ಮಾಡಿ ತೋರಿಸ್ತಾರೆ, ಚಿತ್ರದಿಂದ ಸಾಧಿಸೋದು ಇಲ್ಲಿ ಹೊಸದೇನಲ್ಲ.

ಆದ್ರೆ ಈ ಆಯತ ಚೌಕ ಅಲ್ಲ, ಒಂದು ಕಂಬ ಜಾಸ್ತಿ ಇದೆ ಅನ್ನೋದನ್ನ ಗಮನಿಸಿ, ಅಲ್ಲೇ ಎಡವೋದು ಜಾಸ್ತಿ. ಮೆಟ್ಟಿಲು ಅಂದ್ರೆ ಚೌಕದ ಅರ್ಧ ತಾನೆ ಅಂದ್ಕೊಂಡು n²/2 ಬರೆದುಬಿಡ್ತಾರೆ, 4ಕ್ಕೆ 8 ಬರುತ್ತೆ, ನಿಜವಾದ ಉತ್ತರ 10. ಕಾಣೆಯಾದ 2 ಎಲ್ಲಿ ಹೋಯ್ತು ಅಂದ್ರೆ ಮೂಲೆಯಿಂದ ಮೂಲೆಗೆ ಹೋಗೋ ಓರೆ ಸಾಲಲ್ಲಿ. 4×4 ಚೌಕದಲ್ಲಿ ಓರೆಯಾಗಿ ನಾಲ್ಕು ಚುಕ್ಕಿ ಇವೆ, ಚೌಕನ ಅರ್ಧ ಮಾಡ್ದಾಗ ಅವನ್ನೂ ಅರ್ಧ ಕತ್ತರಿಸಿಬಿಟ್ವಿ, ಆದ್ರೆ ಮೆಟ್ಟಿಲಿಗೆ ಆ ನಾಲ್ಕೂ ಪೂರ್ತಿ ಸೇರಬೇಕು. ಹಂಗಾಗಿ n²/2 ಜೊತೆ ಇನ್ನೊಂದು n/2 ಸೇರಿಸಬೇಕು, ಅದನ್ನ ಒಟ್ಟು ಮಾಡಿದ್ರೆ ಮತ್ತೆ n(n+1)/2.

ಇನ್ನು ಬೆಸ ಸಂಖ್ಯೆಗಳು. 1, ಆಮೇಲೆ 1+3=4, 1+3+5=9, 1+3+5+7=16. ಪ್ರತಿ ಸಲ ವರ್ಗಸಂಖ್ಯೆನೇ ಬರ್ತಿದೆ, ನಾಲ್ಕು ಸಲ ಬಂತು ಅಂತ ಯಾವಾಗಲೂ ಬರುತ್ತೆ ಅಂತೇನಿಲ್ಲ, ಕಾರಣ ಬೇಕು. ಕಾರಣ ಈ ಚಿತ್ರದಲ್ಲಿದೆ, ಒಂದೊಂದು ಬೆಸ ಸಂಖ್ಯೆಗೂ ಒಂದೊಂದು ನಂಬರ್ ಕೊಟ್ಟಿದ್ದೀನಿ.

```
1 2 3 4
2 2 3 4
3 3 3 4
4 4 4 4
```

1 ಒಂದೇ ಇದೆ, 2 ಮೂರು ಇವೆ, 3 ಐದು, 4 ಏಳು. ಎಡ ಮೇಲಿನ ಮೂಲೆಯಿಂದ ಶುರು ಮಾಡಿ ಪ್ರತಿ ಸಲ ಬಲಕ್ಕೂ ಕೆಳಕ್ಕೂ ಸೇರಿಸಿ ಒಂದು ಪಟ್ಟಿ ಸುತ್ತಿದ ಹಂಗೆ. 3×3 ಚೌಕನ 4×4 ಮಾಡೋಕೆ ಬಲಗಡೆ 3 ಬೇಕು, ಕೆಳಗಡೆ 3 ಬೇಕು, ಮೂಲೆಲಿ 1 ಬೇಕು, ಒಟ್ಟು 7. n×n ಚೌಕ ಇದ್ರೆ ಮುಂದಿನ ಪಟ್ಟಿಗೆ 2n+1 ಚುಕ್ಕಿ, ಅದು ಯಾವಾಗಲೂ ಬೆಸ, ಮತ್ತೆ ಹಿಂದಿನ ಪಟ್ಟಿಗಿಂತ ಸರಿಯಾಗಿ 2 ಜಾಸ್ತಿ, ಯಾಕಂದ್ರೆ ಎರಡು ಕೈನೂ ಒಂದೊಂದು ಉದ್ದ ಆಗುತ್ತೆ, ಮೂಲೆ ಮಾತ್ರ ಹಂಗೇ ಒಂದೇ ಇರುತ್ತೆ. ಹಂಗಾಗಿ ಪಟ್ಟಿಗಳು 1, 3, 5, 7 ಅಂತ ಬೆಸ ಸಂಖ್ಯೆಗಳನ್ನ ಒಂದೂ ಬಿಡದೆ ತಗೊಂಡು ಹೋಗ್ತವೆ, ಚೌಕ ಯಾವತ್ತೂ ಕೆಡಲ್ಲ. ಹಳೇ ಗ್ರೀಕರು ಈ ಮೂಲೆಪಟ್ಟಿಗೆ ನೋಮನ್ ಅಂತಿದ್ರು, ಪೈಥಾಗೊರಸ್ ಪಂಥದವರು ಕಲ್ಲು ಜೋಡಿಸಿ ಸಂಖ್ಯೆ ನೋಡೋರು ಅನ್ನೋ ಹೆಸರಿದೆಯಲ್ಲ, ಅವರ ಹಳೇ ಚಿತ್ರ ಇದು.

ಜೋಡಿ ಲೆಕ್ಕದಲ್ಲೂ ಇದೇ ಉತ್ತರ ಬರುತ್ತೆ. 1+3+5+7+9ರಲ್ಲಿ ಮಧ್ಯದ್ದು 5, ಇರೋದೂ 5 ಸಂಖ್ಯೆ, 5×5. ಏಳು ಬೆಸ ಸಂಖ್ಯೆ ತಗೊಂಡ್ರೆ ಮಧ್ಯದ್ದು 7. ಎಷ್ಟು ಸಂಖ್ಯೆ ಇದೆಯೋ ಮಧ್ಯದ ಬೆಲೆನೂ ಅಷ್ಟೇ ಆಗೋದು, ನನಗೆ ಇದರಲ್ಲಿ ಬಹಳ ಇಷ್ಟವಾದ ಭಾಗ ಇದು. n ಬೆಸ ಸಂಖ್ಯೆಗಳಲ್ಲಿ ಮೊದಲನೇದು 1, ಕೊನೇದು 2n−1, ಕೂಡಿದ್ರೆ 2n, ಅರ್ಧ n, ಅಷ್ಟೇ.

ಪರೀಕ್ಷೆಲಿ ಮಕ್ಕಳು ಮಾರ್ಕ್ಸ್ ಕಳ್ಕೊಳ್ಳೋದು ಈ ಸೂತ್ರದಲ್ಲಿ ಅಲ್ಲ, n ಎಷ್ಟು ಅನ್ನೋದರಲ್ಲಿ. 1+3+5+…+99 ಎಷ್ಟು ಅಂತ ಕೇಳಿದ್ರೆ 99ರ ವರ್ಗ ಬರೆಯೋರು ಇದ್ದಾರೆ, ಅರ್ಧ ಮಾಡಬೇಕು ಅಂತ ನೆನಪಾಗಿ 49ರ ವರ್ಗ ಬರೆಯೋರೂ ಇದ್ದಾರೆ. n ಅನ್ನೋದು ಕೊನೇ ಸಂಖ್ಯೆ ಅಲ್ಲ, ಎಷ್ಟು ಸಂಖ್ಯೆ ಇದೆ ಅನ್ನೋದು. ಕೊನೇದಕ್ಕೆ ಒಂದು ಕೂಡಿ ಅರ್ಧ ಮಾಡಿ: 100ರ ಅರ್ಧ 50, ಮೊತ್ತ 2500. ಅನುಮಾನ ಬಂದ್ರೆ ಚಿಕ್ಕದರಲ್ಲಿ ಪರೀಕ್ಷೆ ಮಾಡಿ, 1, 3, 5ರಲ್ಲಿ ಕೊನೇದು 5, ಇರೋದು 3, ಐದಕ್ಕೆ ಒಂದು ಕೂಡಿ ಅರ್ಧ ಮಾಡಿದ್ರೆ 3, ಸರಿಹೋಯ್ತು. ಬರೀ 1, 2, 3 ಅಂತ ಹೋಗೋ ಸಾಲಲ್ಲಿ ಕೊನೇ ಸಂಖ್ಯೆನೂ ಎಣಿಕೆನೂ ಒಂದೇ ಆಗಿರುತ್ತೆ, ಅದೇ ಅಭ್ಯಾಸ ಬೆಸಕ್ಕೂ ಬಂದುಬಿಡುತ್ತೆ.

ಸಾಲು 1ರಿಂದ ಶುರು ಆಗದಿದ್ದಾಗಲೂ ಹಿಂಗೇ ಆಗುತ್ತೆ. 51ರಿಂದ 100ರ ತನಕ ಅಂದ್ರೆ 100ರ ತನಕದ 5050ರಲ್ಲಿ 50ರ ತನಕದ 1275 ಕಳೀಬೇಕು, 3775. 51ರ ತನಕದ್ದನ್ನ ಕಳೆದುಬಿಟ್ರೆ 51 ಅನ್ನೋ ಬೇಕಾದ ಸಂಖ್ಯೆನೇ ಎಸೆದ ಹಂಗಾಯ್ತು, ಉತ್ತರ ಸರಿಯಾಗಿ 51 ಕಮ್ಮಿ ಬರುತ್ತೆ. ಇನ್ನೊಂದು ಕಡೆಯಿಂದ ತಾಳೆ ನೋಡಬಹುದು, 51+100=151, ಅಂಥ 25 ಜೋಡಿ, 3775.

ಮೆಟ್ಟಿಲು, ಚೌಕ ಎರಡನ್ನೂ ಬೇರೆಬೇರೆ ಚಿತ್ರ ಅಂತ ಇಷ್ಟೊತ್ತು ನೋಡಿದ್ವಿ, ಆದ್ರೆ ಅದೇ ಚೌಕನ ಮೂಲೆಪಟ್ಟಿ ಬದಲು ಓರೆಯಾಗಿ ಎಣಿಸಿ.

```
1 2 3 4
2 3 4 3
3 4 3 2
4 3 2 1
```

ಇಲ್ಲಿ ಬರೆದಿರೋ ನಂಬರು ಆ ಚುಕ್ಕಿ ಇರೋ ಓರೆ ಸಾಲಿನ ಉದ್ದ. ಸಾಲುಗಳು 1, 2, 3, 4, 3, 2, 1. ಕೂಡಿದ್ರೆ 16 ಆಗಲೇಬೇಕು, ಚೌಕ ಅದೇ ತಾನೆ. ಅಂದ್ರೆ 4ರ ತನಕದ ಮೆಟ್ಟಿಲು 10, 3ರ ತನಕದ ಮೆಟ್ಟಿಲು 6, ಸೇರಿದ್ರೆ ಚೌಕ. ಬೆಸ ಸಂಖ್ಯೆನೂ ಹಂಗೇ ಒಡೆಯುತ್ತೆ: 7 ಅಂದ್ರೆ 4+3, 5 ಅಂದ್ರೆ 3+2, 3 ಅಂದ್ರೆ 2+1, ಮತ್ತೆ 1. ಮೊದಲ ತುಂಡುಗಳೆಲ್ಲಾ ಸೇರಿ ಒಂದು ಮೆಟ್ಟಿಲು, ಎರಡನೇ ತುಂಡುಗಳೆಲ್ಲಾ ಸೇರಿ ಅದಕ್ಕಿಂತ ಒಂದು ಚಿಕ್ಕ ಮೆಟ್ಟಿಲು.

ಇದನ್ನ ದಿನಾ ಬೆಳಿಗ್ಗೆ ಬಾಗಿಲ ಮುಂದೆ ನೋಡ್ತೀವಿ, ಚುಕ್ಕಿ ರಂಗೋಲಿಲಿ. ರಂಗೋಲಿ ಹಾಕೋರು 7 ಚುಕ್ಕಿ 1ರ ತನಕ ಅಂದಾಗ ಎರಡು ಥರ ಇರುತ್ತೆ, ನೇರ ಚುಕ್ಕಿ ಮತ್ತು ಸಂದು ಚುಕ್ಕಿ. ನೇರ ಚುಕ್ಕಿ ಅಂದ್ರೆ ಮೇಲಿನ ಚುಕ್ಕಿ ಕೆಳಗಿನ ಚುಕ್ಕಿಯ ನೇರಕ್ಕೇ ಬರುತ್ತೆ, ಎರಡು ತುದಿಲೂ ಒಂದೊಂದು ಬಿಡೋದ್ರಿಂದ ಪ್ರತಿ ಸಾಲಿಗೂ ಎರಡು ಕಮ್ಮಿ: 7, 5, 3, 1. ಸಂದು ಚುಕ್ಕಿ ಅಂದ್ರೆ ಎರಡು ಚುಕ್ಕಿ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ, ಅಲ್ಲಿ ಸಾಲಿಗೆ ಒಂದೇ ಕಮ್ಮಿ: 7, 6, 5, 4, 3, 2, 1. ಅಂದ್ರೆ ಒಂದರಲ್ಲಿ ಬೆಸ ಸಂಖ್ಯೆ ಸಾಲು, ಇನ್ನೊಂದರಲ್ಲಿ ಮಾಮೂಲಿ ಎಣಿಕೆ ಸಾಲು. ನಡುವಿನ ಸಾಲಿನ ಮೇಲೂ ಕೆಳಗೂ ಇಡೋ ರಂಗೋಲಿ ತಗೊಂಡ್ರೆ, ಸಂದು ಚುಕ್ಕಿಲಿ 7ರಿಂದ 1 ಅಂದ್ರೆ 1, 2, 3, …, 7, …, 2, 1, ಓರೆ ಸಾಲಿನ ಲೆಕ್ಕದ ಪ್ರಕಾರ 49 ಚುಕ್ಕಿ. ನೇರ ಚುಕ್ಕಿಲಿ 1, 3, 5, 7, 5, 3, 1, ಮೊದಲ ನಾಲ್ಕು ಸೇರಿ 16, ಉಳಿದ ಮೂರು ಸೇರಿ 9, ಒಟ್ಟು 25. ಹೇಳೋಕೆ ಎರಡೂ 7ರಿಂದ 1, ಚುಕ್ಕಿ ಮಾತ್ರ ಹೆಚ್ಚುಕಮ್ಮಿ ಅರ್ಧ.

ಆ 16 ಮತ್ತು 9 ಬರೀ ಲೆಕ್ಕಕ್ಕೆ ಬಂದಿದ್ದಲ್ಲ, ರಂಗೋಲಿ ಒಳಗೆ ನಿಜವಾಗಿ ಎರಡು ಚೌಕ ಕೂತಿವೆ. ಒಂದು ಬಿಟ್ಟು ಒಂದು ಚುಕ್ಕಿಗೆ ಬೇರೆ ಬಣ್ಣ ಕೊಟ್ಟು ನೋಡಿ.

```
      ●
    ● ○ ●
  ● ○ ● ○ ●
● ○ ● ○ ● ○ ●
  ● ○ ● ○ ●
    ● ○ ●
      ●
```

ತುಂಬಿದ ಚುಕ್ಕಿಗಳು ಸಾಲುಸಾಲಾಗಿ 1, 2, 3, 4, 3, 2, 1, ಅಂದ್ರೆ 16. ತಲೆ ಸ್ವಲ್ಪ ಓರೆ ಮಾಡಿ ನೋಡಿದ್ರೆ ಅದು ಮೂಲೆ ಮೇಲೆ ನಿಂತಿರೋ 4×4 ಚೌಕ. ಖಾಲಿ ಚುಕ್ಕಿಗಳು 1, 2, 3, 2, 1, ಅದು 3×3 ಚೌಕ, ದೊಡ್ಡ ಚೌಕದ ಸಂದಿಗಳಲ್ಲಿ ಕೂತಿದೆ. 15ರಿಂದ 1 ನೇರ ಚುಕ್ಕಿಗೂ ಇದೇ ಥರ, 15 ಎಂಟನೇ ಬೆಸ ಸಂಖ್ಯೆ, ಹಂಗಾಗಿ 64+49, 113 ಚುಕ್ಕಿ.

ಸಂದು ಚುಕ್ಕಿಲಿ ಹೆಚ್ಚಾಗಿ 1ರ ತನಕ ಹೋಗದೆ ನಡುವೆ ನಿಲ್ಲಿಸ್ತಾರೆ, 15ರಿಂದ 8ರ ತನಕ ಅಂತ, ಆರು ಮೂಲೆ ಆಕಾರ ಬರುತ್ತೆ. ಎಣಿಸೋದು ಹಿಂಗೆ: ನಡುವಿನ ಸಾಲು 15, ಮೇಲೆ 14ರಿಂದ 8ರ ತನಕ. ಅದು 14−8 ಅಂತ ಆರು ಸಾಲಲ್ಲ, ಎರಡೂ ತುದಿ ಸೇರಿ ಏಳು ಸಾಲು. 14+8=22, ಏಳರ ಅರ್ಧದಿಂದ ಗುಣಿಸಿದ್ರೆ 77, ಕೆಳಗೂ 77, ನಡುವೆ 15, ಒಟ್ಟು 169. ಇದು 13ರ ವರ್ಗ ಅಲ್ವಾ ಅಂತ ಕಣ್ಣು ಮಿನುಗಬಹುದು, ಆದ್ರೆ ಇದು ಬರೀ ಕಾಕತಾಳೀಯ, 7ರಿಂದ 4ರ ತನಕ ಇಟ್ಟು ನೋಡಿ, 7+15+15=37, ಅದು ಯಾವುದರ ವರ್ಗನೂ ಅಲ್ಲ. ಬೆಸ ಸಂಖ್ಯೆ ವಿಷಯದಲ್ಲಿ ಮೂಲೆಪಟ್ಟಿ ಅನ್ನೋ ಕಾರಣ ಇತ್ತು, ಇಲ್ಲಿ ಅಂಥ ಕಾರಣ ಇಲ್ಲ, ಆರು ಮೂಲೆ ಆಕಾರದಲ್ಲಿ ಚೌಕ ಕಟ್ಟೋ ಪಟ್ಟಿನೇ ಇಲ್ಲ.

ಬೆಸ ಸಂಖ್ಯೆ ಚೌಕದ ಬಗ್ಗೆ ಇನ್ನೊಂದು ಇದೆ, ಇದು ಗೆಲಿಲಿಯೋ ಕಣ್ಣಿಗೆ ಬಿದ್ದಿದ್ದು. ಮೇಲಿಂದ ಬಿಟ್ಟ ಕಲ್ಲು ಮೊದಲ ಸೆಕೆಂಡಲ್ಲಿ ಸುಮಾರು 4.9 ಮೀಟರ್ ಬೀಳುತ್ತೆ, ಎರಡನೇ ಸೆಕೆಂಡಲ್ಲಿ ಅದರ ಮೂರರಷ್ಟು 14.7, ಮೂರನೇದರಲ್ಲಿ ಐದರಷ್ಟು 24.5, ಗಾಳಿಯ ತಡೆ ಲೆಕ್ಕಕ್ಕೆ ಇಟ್ಕೊಳ್ಳದಿದ್ರೆ. ಪ್ರತಿ ಸೆಕೆಂಡಿನದು 1, 3, 5, ಹಂಗಾಗಿ ಒಟ್ಟು ಬಿದ್ದ ದೂರ 1, 4, 9 ಪಟ್ಟು, ಮೂರು ಸೆಕೆಂಡಿಗೆ 44.1 ಮೀಟರ್. ಇಲ್ಲಿ ಒಂದು ಅನುಮಾನ ಏಳಬೇಕು: ಸೆಕೆಂಡು ಅನ್ನೋದು ನಾವು ಮಾಡ್ಕೊಂಡ ಅಳತೆ, ಕಲ್ಲಿಗೆ ಅದೇನು ಗೊತ್ತು, ಎರಡು ಸೆಕೆಂಡನ್ನೇ ಒಂದು ಅಳತೆ ಅಂತ ಇಟ್ಕೊಂಡ್ರೂ 1, 3, 5 ಬರಬೇಕಲ್ವಾ? ಬರುತ್ತೆ. ಮೊದಲ ಎರಡು ಸೇರಿ 1+3=4, ಮುಂದಿನ ಎರಡು 5+7=12, ಮತ್ತೆ ಮೂರರಷ್ಟೇ. ಮೂರು ಮೂರು ಸೇರಿಸಿದ್ರೂ 1+3+5=9, 7+9+11=27. ಎಷ್ಟೇ ಸೇರಿಸಿ, ಮೊದಲ n ಬೆಸ ಸಂಖ್ಯೆಗಳಿಗಿಂತ ಮುಂದಿನ n ಬೆಸ ಸಂಖ್ಯೆಗಳು ಸರಿಯಾಗಿ ಮೂರರಷ್ಟು.

ಚಿತ್ರದಲ್ಲಿ ಇದಕ್ಕೆ ಲೆಕ್ಕನೇ ಬೇಡ. ಮೊದಲ n ಪಟ್ಟಿಗಳು ಮೂಲೆಲಿ ಒಂದು n×n ಚೌಕ ಮಾಡಿವೆ, ಇನ್ನೊಂದು n ಪಟ್ಟಿ ಸುತ್ತಿದ್ಮೇಲೆ ಚೌಕ 2n×2n ಆಯ್ತು. ದೊಡ್ಡ ಚೌಕನ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದು ನಾಲ್ಕು ಮಾಡಿದ್ರೆ ಒಂದು ಭಾಗ ಹಳೇ ಚೌಕ, ಉಳಿದ ಮೂರು ಈಗ ಹೊಸದಾಗಿ ಸುತ್ತಿದ್ದು.